ದಪ್ಪ ಸೋಲಿನ ಶೂ ಯಾರ ಕಾಲಿಗೆ?

ಇತ್ತೀಚೆಗೆ ನೀವು ಶೂ ಅಂಗಡಿಗೆ ಹೋಗಿದ್ದರೆ ಗಮನಿಸಿರಬಹುದು. ಓಟದ ಶೂಗಳ ಸೋಲು ಎರಡು ಬೆರಳು ಕೂಡಿಸಿದಷ್ಟು ದಪ್ಪವಾಗಿದೆ. ಕಾಲಿಗೆ ಹಾಕಿ ನಿಂತರೆ ಹಾಸಿಗೆಯ ಮೇಲೆ ನಿಂತಂತಾಗುತ್ತದೆ. “ಎಷ್ಟು ದೂರ ಓಡಿದರೂ ಮಂಡಿ ನೋಯುವುದಿಲ್ಲ” ಎಂದು ಅಂಗಡಿಯವರು ಹೇಳುತ್ತಾರೆ. ಈ ಮಾತು ಕೆಲವರ ಮಟ್ಟಿಗೆ ಸ್ವಲ್ಪ ನಿಜ, ಕೆಲವರ ಮಟ್ಟಿಗೆ ನಿಜವಲ್ಲ. ನೀವು ಯಾವ ಗುಂಪಿಗೆ ಸೇರಿದವರು ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ನೆಲಕ್ಕೂ ಪಾದಕ್ಕೂ ನಡುವೆ ಇರುವ ಒಟ್ಟು ದಪ್ಪವನ್ನು ಸ್ಟ್ಯಾಕ್ ಎತ್ತರ ಎನ್ನುತ್ತಾರೆ. ಕೆಳಗಿನ ರಬ್ಬರ್, ನಡುವಿನ ಫೋಮ್, ಒಳಗಿನ ಹಾಳೆ ಮೂರೂ ಇದರಲ್ಲಿ ಸೇರುತ್ತವೆ. ಹಿಮ್ಮಡಿಯ ಕೆಳಗೆ ಸುಮಾರು 35 ಮಿಲಿಮೀಟರ್ ದಾಟಿದರೆ ಅದನ್ನು ದಪ್ಪ ಶೂ ಎಂದು ಕರೆಯಬಹುದು. ರಸ್ತೆ ಸ್ಪರ್ಧೆಗಳಿಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 40 ಮಿಲಿಮೀಟರ್‌ನ ಮಿತಿ ಹಾಕಿದೆ. 2021ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲಿಗನಾಗಿ ಗುರಿ ತಲುಪಿದ ಇಥಿಯೋಪಿಯಾದ ಡೆರಾರ ಹುರಿಸ 50 ಮಿಲಿಮೀಟರ್ ದಪ್ಪದ ಶೂ ಧರಿಸಿದ್ದರು. ಅದೇ ಕಾರಣಕ್ಕೆ ಅವರು ಅನರ್ಹರಾಗಿ, ಗೆಲುವು ಕೀನ್ಯಾದ ಲಿಯೊನಾರ್ಡ್ ಲಂಗಟ್ ಅವರ ಪಾಲಾಯಿತು.

ದಪ್ಪವೂ ಮೆತ್ತಗೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ದಪ್ಪ ಸೋಲು ಗಟ್ಟಿಯಾಗಿಯೂ ಇರಬಹುದು, ತೆಳು ಸೋಲು ಮೆತ್ತಗೂ ಇರಬಹುದು. ಸೋಲಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಮೆತ್ತನೆಯ ಸೋಲಿನಿಂದ ಯಾರಿಗೆ ಪ್ರಯೋಜನ? ಲಕ್ಸೆಂಬರ್ಗ್‌ನ ಸಂಶೋಧಕರು 848 ಹವ್ಯಾಸಿ ಓಟಗಾರರಿಗೆ ಹೊರನೋಟಕ್ಕೆ ಒಂದೇ ಥರ ಕಾಣುವ ಶೂಗಳನ್ನು ಕೊಟ್ಟರು. ಕೆಲವರದು ಮೆತ್ತಗೆ, ಕೆಲವರದು ಗಟ್ಟಿ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಟ್ಟಿ ಶೂ ಹಾಕಿದವರಿಗೆ ಗಾಯದ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಆದರೆ ಮೆತ್ತನೆಯ ಶೂವಿನ ಲಾಭ ಸ್ಪಷ್ಟವಾಗಿ ಕಂಡದ್ದು ಕಡಿಮೆ ತೂಕದವರಲ್ಲಿ. ಭಾರದ ದೇಹಕ್ಕೇ ಹೆಚ್ಚು ಮೆತ್ತೆ ಬೇಕು ಎಂದು ನಾವೆಲ್ಲ ಭಾವಿಸಿರುತ್ತೇವೆ. ಈ ಪ್ರಯೋಗದಲ್ಲಿ ಅದು ಸಾಬೀತಾಗಲಿಲ್ಲ.

ಇನ್ನೊಂದು ಅಚ್ಚರಿ 2018ರ ಫಿನ್‌ಲ್ಯಾಂಡ್‌ನ ಅಧ್ಯಯನದಲ್ಲಿದೆ. 12 ಮಂದಿಯನ್ನು ಸಾಧಾರಣ ಶೂ ಮತ್ತು ದಪ್ಪ ಮೆತ್ತೆಯ ಶೂ ಎರಡರಲ್ಲೂ ಓಡಿಸಿ ನೋಡಿದರು. ಗಂಟೆಗೆ 14.5 ಕಿ.ಮೀ. ವೇಗದಲ್ಲಿ ದಪ್ಪ ಶೂವಿನಲ್ಲೇ ನೆಲದ ಹೊಡೆತ ಸುಮಾರು ಶೇ. 10ರಷ್ಟು ಹೆಚ್ಚಾಗಿತ್ತು. ಕೆಳಗೆ ಮೆತ್ತಗಿದೆ ಎಂದು ಗೊತ್ತಾದ ಕೂಡಲೇ ಕಾಲು ತಾನಾಗಿ ಬಿಗಿಯಾಗುತ್ತದೆ, ಮಂಡಿ ಮಡಿಯುವುದು ಕಡಿಮೆಯಾಗುತ್ತದೆ. ಶೂ ಕೊಟ್ಟದ್ದನ್ನು ಕಾಲೇ ಕಳೆದುಬಿಡುತ್ತದೆ. ಆದ್ದರಿಂದ ದಪ್ಪ ಸೋಲು ಮಂಡಿಯನ್ನು ಕಾಪಾಡುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ದಪ್ಪ ಶೂವಿನ ನಿಜವಾದ ಉಪಕಾರ ಮುಂಗಾಲು ನೋಯುವವರಿಗೆ, ಹೆಬ್ಬೆರಳಿನ ಗಂಟು ಸರಿಯಾಗಿ ಮಡಿಯದವರಿಗೆ. ಇಂತಹ ಶೂಗಳ ತುದಿ ದೋಣಿಯಂತೆ ಮೇಲಕ್ಕೆ ಬಾಗಿರುವುದರಿಂದ ಬೆರಳು ಮಡಿಯದೆಯೇ ಪಾದ ಮುಂದಕ್ಕೆ ಉರುಳುತ್ತದೆ.

ಈಗ ಅಡ್ಡಕ್ಕೆ ವಾಲುವ ವಿಷಯಕ್ಕೆ ಬರೋಣ. ದೂರದ ಓಟದಲ್ಲಿ ದಪ್ಪ ಸೋಲು ಬೆಲೆ ತೆರುವಂತೆ ಮಾಡುವುದು ಇಲ್ಲೇ.

ನೀವು ಚಾರ್ಮಾಡಿ ಘಾಟಿಯ ಬುಡದ ನೆರಿಯದವರು ಎಂದಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ 24 ಕಿ.ಮೀ. ಓಡುತ್ತೀರಿ. ಮೊದಲ 14 ಕಿ.ಮೀ. ಡಾಮರು ರಸ್ತೆ, ಕೊನೆಯ 10 ಕಿ.ಮೀ. ಮುರಕಲ್ಲಿನ ಚೂರುಗಳಿರುವ ತೋಟದ ದಾರಿ. ಒಂದು ಕಿಲೋಮೀಟರಿಗೆ ಸಾವಿರದಷ್ಟು ಹೆಜ್ಜೆ. ಅಂದರೆ ಒಂದೊಂದು ಪಾದವೂ 12 ಸಾವಿರ ಸಲ ನೆಲಕ್ಕೆ ಬೀಳುತ್ತದೆ, ಪ್ರತಿ ಸಲವೂ ದೇಹದ ತೂಕದ ಎರಡು ಮೂರು ಪಟ್ಟು ಭಾರದೊಂದಿಗೆ.

ಹಿಮ್ಮಡಿಯ ಹತ್ತಿರ ಸೋಲಿನ ಅಗಲ 80 ಮಿಲಿಮೀಟರ್ ಎನ್ನೋಣ. 40 ಮಿಲಿಮೀಟರ್ ದಪ್ಪದ ಮೆತ್ತನೆಯ ಫೋಮ್ ಒಳಬದಿಯಲ್ಲಿ 10 ಮಿಲಿಮೀಟರ್, ಹೊರಬದಿಯಲ್ಲಿ 5 ಮಿಲಿಮೀಟರ್ ಕುಸಿದರೆ ಪಾದ ಸುಮಾರು ಮೂರೂವರೆ ಡಿಗ್ರಿ ಒಳಕ್ಕೆ ವಾಲುತ್ತದೆ. ಅದೇ ಫೋಮ್ ಅರ್ಧ ದಪ್ಪದ್ದಾಗಿದ್ದರೆ ಕುಸಿತವೂ ಅರ್ಧ, ವಾಲುವುದೂ ಎರಡು ಡಿಗ್ರಿಗಿಂತ ಕಡಿಮೆ. ಅಷ್ಟೇ ಕುಸಿತವಿದ್ದು ಅಗಲವನ್ನು 95 ಮಿಲಿಮೀಟರಿಗೆ ಏರಿಸಿದರೆ ದಪ್ಪ ಶೂವಿನ ವಾಲುವಿಕೆ ಮೂರು ಡಿಗ್ರಿಗೆ ಇಳಿಯುತ್ತದೆ. ದಪ್ಪ ಶೂವನ್ನು ಜನಪ್ರಿಯಗೊಳಿಸಿದ ಹೋಕಾ ಕಂಪೆನಿಯನ್ನು 2009ರಲ್ಲಿ ಫ್ರಾನ್ಸಿನಲ್ಲಿ ಇಬ್ಬರು ಬೆಟ್ಟದ ಓಟಗಾರರು ಶುರು ಮಾಡಿದರು. ಇಳಿಜಾರಿನಲ್ಲಿ ಓಡಲೆಂದು ಮಾಡಿದ ಅವರ ಮೊದಲ ಶೂ ದಪ್ಪವಾಗಿದ್ದಷ್ಟೇ ಅಗಲವಾಗಿಯೂ ಇತ್ತು. ಮುಂದೆ ಬಂದ ಎಷ್ಟೋ ಶೂಗಳು ಎತ್ತರವನ್ನು ಮಾತ್ರ ಕಲಿತವು ಎಂಬುದು ನನ್ನ ಅನಿಸಿಕೆ.

ಮೂರು ಡಿಗ್ರಿ ದೊಡ್ಡದೇನಲ್ಲ ಎನ್ನಬಹುದು. ಮೊದಲ ಐದು ಕಿಲೋಮೀಟರಿನಲ್ಲಿ ನಿಜವಾಗಿಯೂ ದೊಡ್ಡದಲ್ಲ. ಪಾದದ ಗಂಟಿನ ಎರಡೂ ಬದಿಯ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ಅದನ್ನು ಸರಿಪಡಿಸುತ್ತಿರುತ್ತವೆ. ಇಪ್ಪತ್ತರ ಹೊತ್ತಿಗೆ ಅವು ದಣಿದಿರುತ್ತವೆ. ನಮ್ಮ ರಸ್ತೆಗಳ ಅಂಚು ಮಳೆನೀರು ಹರಿದುಹೋಗಲೆಂದು ಇಳಿಜಾರಾಗಿರುತ್ತದೆ. ಒಂದೇ ಬದಿಯಲ್ಲಿ ಓಡುವವರ ಒಂದು ಕಾಲು ಒಳಕ್ಕೂ ಇನ್ನೊಂದು ಹೊರಕ್ಕೂ ಗಂಟೆಗಟ್ಟಲೆ ವಾಲುತ್ತಲೇ ಇರುತ್ತದೆ. ಹೀಗೆ ದಣಿದ ಪಾದ ತೋಟದ ದಾರಿಯಲ್ಲಿ ಮುರಕಲ್ಲಿನ ಚೂರಿನ ಮೇಲೆ ಅರ್ಧ ಬಿದ್ದಾಗ, ಪಾದ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಗಂಟು ಹೊರಳುವ ಒತ್ತಡ ಅಷ್ಟು ಹೆಚ್ಚುತ್ತದೆ. ಕಲ್ಲು ಕಾಲಿಗೆ ತಾಗಿದ್ದು ಗೊತ್ತಾಗುವುದೂ ತಡ. ಮಳೆಗಾಲದ ಪಾಚಿಯ ಮೇಲಂತೂ ಹೇಳಲೇಬೇಕಾಗಿಲ್ಲ.

ಶೂ ನಿಮಗೆ ಒಗ್ಗುತ್ತಿಲ್ಲ ಎಂದು ತಿಳಿಯುವುದು ಹೇಗೆ? ಪಾದದ ಗಂಟಿನ ಒಳಮೂಳೆಯ ಹಿಂದೆ ಓಟದ ಕೊನೆಯಲ್ಲಿ ಮಾತ್ರ ನೋವು ಕಾಣಿಸಿಕೊಳ್ಳುವುದು, ಸಮತಟ್ಟು ನೆಲದಲ್ಲೂ ಶೂವಿನ ತುದಿ ಎಡವುವುದು, ತಿರುವಿನಲ್ಲಿ ಹೆಜ್ಜೆ ಗಿಡ್ಡವಾಗುವುದು ಇದರ ಲಕ್ಷಣಗಳು. ಕೊಳ್ಳುವಾಗ ಅಂಗಡಿಯಲ್ಲೇ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಂತು ನೋಡಿ. ಗಂಟು ನಡುಗುತ್ತಲೇ ಇದ್ದರೆ ಹಿಮ್ಮಡಿ ಅಗಲವಿರುವ, ಪಾದ ಅಂಚುಗಳ ನಡುವೆ ಸ್ವಲ್ಪ ಒಳಗಿಳಿದು ಕೂರುವ ಇನ್ನೊಂದು ಜೋಡಿ ಕೇಳಿ. ಶೂವನ್ನು ಆರಿಸುವಾಗ ಓಟದ ಕೊನೆಯ ಭಾಗದ ದಾರಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೊನೆಗೂ ಡಾಮರೇ ಆಗಿದ್ದು ನೀವು ಹಗುರ ದೇಹದವರಾಗಿದ್ದರೆ ದಪ್ಪ ಶೂ ಸರಿಯೇ. ಮೇಲೆ ಹೇಳಿದಂತೆ ಕೊನೆಗೆ ತೋಟದ ದಾರಿ ಸಿಗುವುದಾದರೆ 30 ಮಿಲಿಮೀಟರಿನ ಆಸುಪಾಸಿನ, ಸ್ವಲ್ಪ ಗಟ್ಟಿ ಶೂ ವಾಸಿ.

ಮನೆಯ ಹಿರಿಯರಿಗೆ ವಾಕಿಂಗ್‌ಗೆಂದು ಇಂತಹ ಶೂ ತಂದುಕೊಡುವ ಮಕ್ಕಳೂ ಇದ್ದಾರೆ. ಕೆನಡಾದ ವೈದ್ಯ ಸ್ಟೀವನ್ ರಾಬಿನ್ಸ್ ಮತ್ತು ಸಂಗಡಿಗರು 1992ರಲ್ಲೇ ವಯಸ್ಸಾದ ಪುರುಷರನ್ನು ಕಿರಿದಾದ ತೊಲೆಯ ಮೇಲೆ ನಡೆಸಿ ಪರೀಕ್ಷಿಸಿದ್ದರು. ತೆಳುವಾದ ಗಟ್ಟಿ ಸೋಲಿನಲ್ಲಿ ಅವರ ಸಮತೋಲ ಚೆನ್ನಾಗಿತ್ತು, ದಪ್ಪ ಮೆತ್ತನೆಯ ಸೋಲಿನಲ್ಲಿ ಕೆಟ್ಟಿತ್ತು. ಹಿರಿಯರು ಆ ಶೂ ಹಾಕಿದಾಗ ಹಿತವಾಗಿದೆ ಎಂದೇ ಹೇಳುತ್ತಾರೆ. ಬಚ್ಚಲ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲು ಶುರು ಮಾಡಿದ್ದಾರೆಯೇ ಎಂಬುದನ್ನು ನೀವು ನೋಡಬೇಕು.

ಹಳೆಯ ಜೋಡಿಯನ್ನು ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ಹಿಂದಿನಿಂದ ನೋಡುವ ಅಭ್ಯಾಸವೂ ಇರಲಿ. ಒಂದು ಬದಿಗೆ ವಾಲಿ ನಿಂತಿದ್ದರೆ ಅಥವಾ ಒಳಬದಿಯ ಫೋಮ್‌ನಲ್ಲಿ ಮಾತ್ರ ಆಳವಾದ ಸುಕ್ಕುಗಳಿದ್ದರೆ, ಮೇಲಿನ ಬಟ್ಟೆ ಹೊಸದರಂತಿದ್ದರೂ ಆ ಶೂ ದೂರದ ಓಟಕ್ಕೆ ಬೇಡ. ಪೇಟೆಗೆ ಹೋಗಿ ಬರಲು ಸಾಕು.