ಜೂನ್‌ನ ಕೊರತೆಯನ್ನು ಏಪ್ರಿಲ್‌ನಲ್ಲೇ ತೋರಿಸುವ ಮನೆಲೆಕ್ಕ

ಮನೆಖರ್ಚನ್ನು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಬರೆಯುವವರು ಸಾಮಾನ್ಯವಾಗಿ ತಿಂಗಳಿಗೊಂದು ಹಾಳೆ ಮಾಡಿಕೊಳ್ಳುತ್ತಾರೆ. ಒಂದು ತಿಂಗಳಲ್ಲಿ ಹೊಸ ಸಾಲು ಸೇರಿದರೆ ಉಳಿದ ಹನ್ನೊಂದರ ಜೊತೆ ಅದು ಹೊಂದುವುದಿಲ್ಲ, ವರ್ಷದ ಮೊತ್ತ ತಪ್ಪುತ್ತದೆ. ಇದಕ್ಕಿಂತ ಮೂರೇ ಹಾಳೆಗಳ ಕ್ರಮ ಗಟ್ಟಿ: ದಿನದ ಖರ್ಚಿಗೆ ‘ಲೆಕ್ಕ’, ಅಂದಾಜಿಗೆ ‘ಬಜೆಟ್’, ಒಟ್ಟು ನೋಟಕ್ಕೆ ‘ವರ್ಷ’.

‘ಲೆಕ್ಕ’ದಲ್ಲಿ ದಿನಾಂಕ, ವಿವರ, ಬಾಬತ್ತು, ಮೊತ್ತ ಎಂಬ ನಾಲ್ಕು ಕಾಲಂ ಸಾಕು. ಬಾಡಿಗೆ, ದಿನಸಿ, ಹಾಲು-ತರಕಾರಿ, ಶಾಲೆ, ವಿಮೆ ಹೀಗೆ ಹನ್ನೆರಡು ಬಾಬತ್ತುಗಳಿರಲಿ. ಹೆಚ್ಚಾದಷ್ಟೂ ಯಾವುದರಲ್ಲಿ ಬರೆಯಬೇಕೆಂಬ ಗೊಂದಲ ಬೆಳೆಯುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡದ್ದನ್ನು ಕೊಂಡ ದಿನವೇ ಬರೆದು, ಬಿಲ್ ಕಟ್ಟಿದ್ದನ್ನು ಬಿಡಬೇಕು. ಇಲ್ಲವಾದರೆ ಒಂದೇ ಖರ್ಚು ಎರಡು ಸಲ ಸೇರುತ್ತದೆ.

‘ವರ್ಷ’ದ A ಕಾಲಂನಲ್ಲಿ 2ರಿಂದ 13ನೇ ಸಾಲಿನವರೆಗೆ ಬಾಬತ್ತುಗಳು. B1ರಲ್ಲಿ ಏಪ್ರಿಲ್ 1ರ ದಿನಾಂಕ, C1ರಲ್ಲಿ `=EDATE(B1,1)`. ಅದನ್ನು M1ವರೆಗೆ ಎಳೆದರೆ ಮಾರ್ಚ್ ಬರುತ್ತದೆ. B2ರಲ್ಲಿ ಈ ಸೂತ್ರ ಬರೆದು M13ರವರೆಗೆ ತುಂಬಬೇಕು:

```
=SUMIFS('ಲೆಕ್ಕ'!$D:$D,'ಲೆಕ್ಕ'!$C:$C,$A2,'ಲೆಕ್ಕ'!$A:$A,">="&B$1,'ಲೆಕ್ಕ'!$A:$A,"<"&EDATE(B$1,1))
```

14ನೇ ಸಾಲಿಗೆ ತಿಂಗಳ ಮೊತ್ತ, N ಕಾಲಂಗೆ ವರ್ಷದ ಮೊತ್ತ. ಒಂದು ಖಾಲಿ ಸೆಲ್‌ನಲ್ಲಿ `=SUM('ಲೆಕ್ಕ'!D:D)-N14` ಇರಲೇಬೇಕು. ಅದು ಸೊನ್ನೆ ತೋರದಿದ್ದರೆ ಯಾವುದೋ ಖರ್ಚು ಹೊರಗುಳಿದಿದೆ ಎಂದರ್ಥ. ಬಾಬತ್ತಿನ ಕಾಗುಣಿತ ತಪ್ಪಿರಬಹುದು. Data Validation ಪಟ್ಟಿಯಿಂದಲೇ ಆರಿಸಿದರೆ ಇದು ತಪ್ಪುತ್ತದೆ. ಅಥವಾ ದಿನಾಂಕ ಬರೀ ಅಕ್ಷರವಾಗಿ ಕೂತಿರಬಹುದು; ಅಂಥದ್ದು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ. ಫೈಲಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಜೂನ್ 12 ಸದ್ದಿಲ್ಲದೆ ಡಿಸೆಂಬರ್ 6 ಆಗುತ್ತದೆ. ಈ ತಪ್ಪನ್ನು ಸೊನ್ನೆಯ ಪರೀಕ್ಷೆಯೂ ಹಿಡಿಯದು, ಆದ್ದರಿಂದ ಮೊದಲೇ ಭಾರತದ ಸೆಟ್ಟಿಂಗ್‌ಗೆ ಬದಲಿಸಿಕೊಳ್ಳಬೇಕು.

‘ಬಜೆಟ್’ ಹಾಳೆಗೂ ಇದೇ ಚೌಕಟ್ಟು. ಅಲ್ಲಿ ಸೂತ್ರದ ಬದಲು ಅಂದಾಜು ಮೊತ್ತ ಬರೆಯಬೇಕು. 15ನೇ ಸಾಲಿನಲ್ಲಿ ಪಿಎಫ್, ತೆರಿಗೆ ಕಳೆದು ಕೈಗೆ ಬರುವ ಸಂಬಳ, 16ರಲ್ಲಿ ಆ ತಿಂಗಳ ಉಳಿಕೆ, 17ರಲ್ಲಿ ಅಲ್ಲಿಯವರೆಗಿನ ಒಟ್ಟು ಉಳಿಕೆ. ಅದಕ್ಕೆ B17ರಲ್ಲಿ `=B16`, C17ರಲ್ಲಿ `=B17+C16`.

ಈ ಕೊನೆಯ ಸಾಲೇ ಹೆಚ್ಚು ಬೆಲೆಯುಳ್ಳದ್ದು. ಒಂದು ಮನೆಗೆ 62,000 ರೂಪಾಯಿ ಸಂಬಳ, ತಿಂಗಳ ಖರ್ಚು 52,000 ಎಂದುಕೊಳ್ಳೋಣ. ಜೂನ್‌ನಲ್ಲಿ ಶಾಲಾ ಶುಲ್ಕ 48,000, ಫೆಬ್ರವರಿಯಲ್ಲಿ ವಿಮೆ ಕಂತು 24,000. ವರ್ಷದ ಕೊನೆಗೆ 48,000 ಉಳಿಯುತ್ತದೆ, ನೋಡಲು ಚೆನ್ನಾಗಿಯೇ ಇದೆ. ಆದರೆ ಏಪ್ರಿಲ್, ಮೇ ಸೇರಿ ಉಳಿಯುವುದು 20,000. ಜೂನ್ ಒಂದರಲ್ಲೇ ಕೊರತೆ 38,000. ಹಾಗಾಗಿ 17ನೇ ಸಾಲು ಜೂನ್‌ನಲ್ಲಿ 18,000 ಋಣ ತೋರಿಸುತ್ತದೆ. ಏಪ್ರಿಲ್ 1ರಂದು ಕನಿಷ್ಠ ಅಷ್ಟು ಹಣ ಖಾತೆಯಲ್ಲಿದ್ದರೆ ಸಾಲ ಬೇಕಿಲ್ಲ. ಆ ಹಿಂದಿನ ಉಳಿಕೆಯನ್ನು B17ರಲ್ಲಿ `=18000+B16` ಎಂದು ಕೂಡಿಸಿದರೆ ಜೂನ್‌ನ ಅಂಕಿ ಸೊನ್ನೆಗೆ ಬರುತ್ತದೆ.