ಅಳಿಸುವ ಮೊದಲು ಪುಸ್ತಕಕ್ಕೆ ಏರಿಸಿ

ದಾವಣಗೆರೆಯ ಒಂದು ಸೀರೆ ಅಂಗಡಿ ಎಂದಿಟ್ಟುಕೊಳ್ಳಿ. ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಹಬ್ಬದ ಸೀರೆಗಳ ಫೋಟೋ ಕೆಳಗೆ ಗ್ರಾಹಕಿಯೊಬ್ಬರು ಬರೆಯುತ್ತಾರೆ: "2,400 ರೂಪಾಯಿ ಸೀರೆ, ಮೊದಲ ಸಲ ನೀರಿಗೆ ಹಾಕಿದಾಗಲೇ ಬಣ್ಣ ಬಿಟ್ಟಿತು." ಜೊತೆಗೆ ಬಿಲ್ ನಂಬರು, ತಮ್ಮ ಮೊಬೈಲ್ ನಂಬರು. ಅದಕ್ಕೆ ಉತ್ತರವಾಗಿ ಬೇರೆ ಯಾರೋ ಒಂದು ಹೊಲಸು ಬೈಗುಳ ಸೇರಿಸುತ್ತಾರೆ. ಇಂಥ ಹೊತ್ತಿನಲ್ಲಿ ಮಾಲೀಕರ ಬೆರಳು ಮೊದಲು ಹೋಗುವುದು ಡಿಲೀಟ್ ಕಡೆಗೇ.

ಡಿಲೀಟ್ ಮಾಡಿದ್ದು ಎಲ್ಲರ ಪಾಲಿಗೂ ಹೋಯಿತು, ವಾಪಸ್ ತರಲಾಗದು. ಮುಖ್ಯ ಕಾಮೆಂಟ್ ಅಳಿಸಿದರೆ ಅದರಡಿಯ ಉತ್ತರಗಳೂ ಹೋಗುತ್ತವೆ. "ಸೀರೆ ತನ್ನಿ, ನೋಡೋಣ" ಎಂದು ನೀವೇ ಬರೆದಿದ್ದರೆ ಅದೂ ಇಲ್ಲವಾಗುತ್ತದೆ. ಹೈಡ್ ಹಾಗಲ್ಲ. ಮರೆಮಾಡಿದ ಕಾಮೆಂಟ್ ಬರೆದವರಿಗೂ ಅವರ ಫೇಸ್‌ಬುಕ್ ಗೆಳೆಯರಿಗೂ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಕಾಣುವುದಿಲ್ಲ. ಬೇಕೆಂದಾಗ ಮತ್ತೆ ತೆರೆಯಬಹುದು.

ಎರಡರಲ್ಲಿ ಯಾವುದನ್ನು ಒತ್ತುವ ಮೊದಲೂ ದಾಖಲೆ ಆಗಬೇಕು. ಕಾಮೆಂಟ್ ಕೆಳಗೆ ಬರೀ "ಎರಡು ದಿನ" ಎಂದಿರುತ್ತದೆ. ಕಂಪ್ಯೂಟರಿನಲ್ಲಿ ಅದರ ಮೇಲೆ ಮೌಸ್ ಇಟ್ಟರೆ ಪೂರ್ತಿ ತಾರೀಖು, ಸಮಯ ಕಾಣುತ್ತದೆ. ಅದು ಕಾಣುವಂತೆ, ಮೇಲಿನ ಫೋಟೋ ಮತ್ತು ಬರೆದವರ ಹೆಸರೂ ಸೇರುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ಬಿಲ್ ನಂಬರು, ದೂರು, ನಾವು ಕೊಟ್ಟ ಮಾತು, ಅದು ಮುಗಿದ ದಿನ ಇಷ್ಟನ್ನು ಬರೆಯಿರಿ. ಗ್ರಾಹಕರೇ ತಮ್ಮ ಕಾಮೆಂಟ್ ತಿದ್ದಬಹುದು, ಅಳಿಸಬಹುದು. ಆಗ ಉಳಿಯುವುದು ಈ ಪುಸ್ತಕ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷದ ಅವಧಿ ಇದೆ. ದಾಖಲೆಯನ್ನು ಅದಕ್ಕಿಂತ ಮೊದಲು ಎಸೆಯಬೇಡಿ. ಇನ್ನೊಂದು ಲಾಭವೂ ಇದೆ. ಒಂದೇ ಲಾಟಿನ ಮೂರು ಸೀರೆಗೆ ಒಂದೇ ದೂರು ಬಂದಿದ್ದರೆ, ಸರಕು ಕೊಟ್ಟ ಹೋಲ್‌ಸೇಲ್ ವ್ಯಾಪಾರಿಯ ಮುಂದೆ ಇಡಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಈಗ ನಮ್ಮ ಸೀರೆಯ ವಿಷಯ. ಬೈಗುಳದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದೊಂದನ್ನೇ ಡಿಲೀಟ್ ಮಾಡಿ. ದೂರನ್ನು ಹೈಡ್ ಮಾಡಿ. ಕಾರಣ ದೂರಲ್ಲ, ಅದರಲ್ಲಿರುವ ಮೊಬೈಲ್ ನಂಬರು. ಹೆಣ್ಣುಮಗಳೊಬ್ಬರ ನಂಬರು ಕಂಡಕಂಡವರ ಕೈಗೆ ಸಿಗಬಾರದು. ಅವರಿಗೆ ಫೋನ್ ಮಾಡಿ ಇದನ್ನೇ ಹೇಳಿ: "ಮೇಡಂ, ನಿಮ್ಮ ನಂಬರ್ ತೆಗೆದು ತಿದ್ದಿ, ನಿಮ್ಮ ಮಾತು ಹಾಗೇ ಇರಲಿ. ಬಿಲ್, ಸೀರೆ ತಗೊಂಡು ಬನ್ನಿ." ಹೇಳದೆ ಮರೆಮಾಡಿದರೆ, ಗೆಳೆಯರಲ್ಲದ ಯಾರಾದರೂ "ನಿಮ್ಮ ಕಾಮೆಂಟ್ ಅಲ್ಲಿಲ್ಲವಲ್ಲ" ಎಂದ ದಿನ ಅವರ ಸಿಟ್ಟು ಇಮ್ಮಡಿಯಾಗುತ್ತದೆ.

ನಿಜವಾದ ದೂರನ್ನು ಕಣ್ಣಿಗೆ ಕಾಣದಿರಲಿ ಎಂದಷ್ಟೇ ಮರೆಮಾಡುವುದು ತಪ್ಪು. ಅದೇ ಮಾತು ಗೂಗಲ್ ರಿವ್ಯೂಗೆ ಹೋದರೆ ಅಲ್ಲಿ ಮಾಲೀಕರಿಗೆ ಅಳಿಸುವ ಅಧಿಕಾರವೇ ಇಲ್ಲ. ನಿಯಮ ಮುರಿದಿದ್ದರೆ ವರದಿ ಮಾಡಬಹುದು, ಇಲ್ಲವಾದರೆ ಉತ್ತರ ಬರೆಯಬಹುದು. ಆದ್ದರಿಂದ ನಂಬರು ತೆಗೆದ ಕೂಡಲೇ ಆ ಕಾಮೆಂಟನ್ನು ಮತ್ತೆ ತೆರೆದು, ಸೀರೆಯ ವಿಷಯದಲ್ಲಿ ಏನು ಮಾಡಿದಿರಿ ಎಂಬುದನ್ನು ಅದರ ಕೆಳಗೇ ಬರೆಯಿರಿ.