‘ತರಬೇತಿ ಬಾಕಿ ಇದೆ’ ಅನ್ನುವ ಮೇಲ್

ಡಿಸೆಂಬರ್ ಹತ್ತಿರವಾದಂತೆ ಅನೇಕ ಕಂಪನಿಗಳ ಎಚ್‌ಆರ್ ವಿಭಾಗದಿಂದ ಒಂದು ಮೇಲ್ ಬರುತ್ತದೆ: ‘ಪಾಶ್ ತರಬೇತಿ ಬಾಕಿ ಇದೆ, ಕೂಡಲೇ ಮುಗಿಸಿ. ತಪ್ಪಿದರೆ ಕಾನೂನು ಕ್ರಮ.’ ಓದಿದವರು ‘ನಾಳೆ ನೋಡೋಣ’ ಅಂದುಕೊಂಡು ಮುಂದಿನ ಮೇಲ್‌ಗೆ ಹೋಗುತ್ತಾರೆ.

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಗೆ ಆಫೀಸುಗಳಲ್ಲಿ ಪಾಶ್ ಎಂದೇ ಹೆಸರು. ಸಿಬ್ಬಂದಿಗೆ ಆಗಾಗ ತಿಳಿವಳಿಕೆ ಕೊಡುವುದು ಮಾಲೀಕರ ಕರ್ತವ್ಯ ಎನ್ನುತ್ತದೆ ಅದರ 19ನೇ ಕಲಮು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಆ ವರ್ಷ ಎಷ್ಟು ದೂರು ಬಂದವು, ಎಷ್ಟು ತಿಳಿವಳಿಕೆ ಕಾರ್ಯಕ್ರಮ ನಡೆದವು ಎಂಬುದನ್ನು ಸಮಿತಿ ತನ್ನ ವಾರ್ಷಿಕ ವರದಿಯಲ್ಲಿ ಬರೆಯಬೇಕು. ವರದಿಯ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ. ವರ್ಷದ ಕೊನೆಯ ಅವಸರಕ್ಕೆ ಇದೇ ಕಾರಣ.

ಕರ್ತವ್ಯ ತಪ್ಪಿದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ; ಮತ್ತೆ ತಪ್ಪಿದರೆ ಅದು ದುಪ್ಪಟ್ಟು, ಪರವಾನಗಿಗೂ ಕುತ್ತು. ಆದರೆ ತರಬೇತಿ ತಪ್ಪಿಸಿಕೊಂಡ ನೌಕರನಿಗೆ ಈ ಕಾಯ್ದೆ ಯಾವ ಶಿಕ್ಷೆಯನ್ನೂ ಹೇಳಿಲ್ಲ. ಹಾಗಾಗಿ ಮೇಲ್‌ನ ‘ಕಾನೂನು ಕ್ರಮ’ ಬರೀ ಬೆದರಿಕೆ. ಒಂದು ವರ್ಷ ಏನೂ ಆಗಲಿಲ್ಲವೆಂದರೆ ಮರುವರ್ಷ ಆ ಮೇಲ್‌ಗೆ ಕಿಮ್ಮತ್ತಿಲ್ಲ. ಕಂಪನಿಯ ಸ್ವಂತ ನಿಯಮದಲ್ಲಿ ಏನಿದೆಯೋ ಅಷ್ಟನ್ನೇ ಬರೆಯಬೇಕು. ಉದಾಹರಣೆಗೆ, ಹೀಗೆ:

‘ವಿಷಯ: ಪಾಶ್ ತರಬೇತಿ ಬಾಕಿ – ಡಿಸೆಂಬರ್ 15ರ ಸಂಜೆ 6ರೊಳಗೆ ಮುಗಿಸಿ. ನಮಸ್ಕಾರ. ನಿಮ್ಮ ತರಬೇತಿ ಇನ್ನೂ ಮುಗಿದಿಲ್ಲ. 40 ನಿಮಿಷ ಸಾಕು. ಡಿಸೆಂಬರ್ 16ರಂದು ಬಾಕಿ ಇರುವವರ ಪಟ್ಟಿ ಅವರವರ ಮ್ಯಾನೇಜರ್‌ಗೆ ಹೋಗುತ್ತದೆ. 22ರವರೆಗೂ ಮುಗಿಸದಿದ್ದರೆ ಈ ವರ್ಷದ ಮೌಲ್ಯಮಾಪನದಲ್ಲಿ ಅದು ದಾಖಲಾಗುತ್ತದೆ. ರಜೆಯಲ್ಲಿದ್ದರೆ ಈ ಮೇಲ್‌ಗೆ ಉತ್ತರಿಸಿ.’

ಕೊನೆಯ ದಿನ 31 ಆಗಿಲ್ಲ ಎಂಬುದನ್ನು ಗಮನಿಸಿ. ಕ್ರಿಸ್‌ಮಸ್ ರಜೆಗೆ ಊರಿಗೆ ಹೊರಟವರನ್ನು ಹಿಡಿಯಲು, ಹೆರಿಗೆ ರಜೆಯಲ್ಲಿರುವವರನ್ನು ಪಟ್ಟಿಯಿಂದ ತೆಗೆಯಲು ಇದರಿಂದ ಎರಡು ವಾರ ಸಿಗುತ್ತದೆ. ‘ಇಂದೇ’, ‘ವಾರಾಂತ್ಯದೊಳಗೆ’ ಎಂದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ತಾರೀಕು, ಗಂಟೆ ಎರಡೂ ಬೇಕು. ಈ ಮೇಲ್ ಬಾಕಿ ಇರುವವರಿಗೆ ಮಾತ್ರ ಹೋಗಬೇಕು. ಮುಗಿಸಿದವರಿಗೂ ಕಳಿಸಿದರೆ, ‘ಇದು ಎಲ್ಲರಿಗೂ ಬರುವಂಥದ್ದು’ ಎಂದು ಬಾಕಿ ಇರುವವರೂ ಸುಮ್ಮನಾಗುತ್ತಾರೆ.

ಇನ್ನೊಂದು ತೊಡಕಿದೆ. ‘ಪೂರ್ತಿ ವಿಡಿಯೊ ನೋಡಿದ್ದೇನೆ, ಆದರೂ ಮೇಲ್ ಬರುತ್ತಿದೆ’ ಎಂಬ ಗೊಣಗು ಸಾಮಾನ್ಯ. ವಿಡಿಯೊ ಮುಗಿದೊಡನೆ ಕಿಟಕಿ ಮುಚ್ಚಿ, ಕೊನೆಯ ಪ್ರಶ್ನೆಗಳಿಗೆ ಉತ್ತರಿಸದೆ ಬಿಟ್ಟರೆ ಅನೇಕ ತಂತ್ರಾಂಶಗಳಲ್ಲಿ In Progress ಎಂದೇ ಉಳಿಯುತ್ತದೆ. Completed ಎಂದು ಕಂಡ ಮೇಲಷ್ಟೇ ಹೊರಬನ್ನಿ, ಪ್ರಮಾಣಪತ್ರವನ್ನು ಇಳಿಸಿಟ್ಟುಕೊಳ್ಳಿ. ಮುಂದಿನ ಮೇಲ್ ತಪ್ಪಾಗಿ ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.